ಅಶೋಕ ಯಾರಿಗೆ ಏನು ಹೇಳಿದ? ಶಾಸನಗಳಲ್ಲಿ ಕಾಣುವ ರಾಜ, ಸರ್ಕಾರ ಮತ್ತು ಬೌದ್ಧ ಸಂಘ

ಅಶೋಕ ಬೌದ್ಧ ಧರ್ಮವನ್ನು ಹರಡಿದ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕಳಿಂಗ ಯುದ್ಧ, ಪಶ್ಚಾತ್ತಾಪ, ಬುದ್ಧನಿಗೆ ಶರಣು, ಆಮೇಲೆ ಊರೂರಿಗೆ ಶಾಸನ. ಇಷ್ಟು ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಅವನ ಹೆಸರಾಂತ 14 ಶಿಲಾಶಾಸನಗಳನ್ನು ಮೊದಲಿಂದ ಕೊನೆಯವರೆಗೆ ಓದಿ ನೋಡಿ. ಬುದ್ಧನ ಹೆಸರು ಒಂದು ಸಲವೂ ಬರುವುದಿಲ್ಲ. ಆರ್ಯಸತ್ಯಗಳಿಲ್ಲ, ನಿರ್ವಾಣದ ಮಾತಿಲ್ಲ. ತಾಯಿ ತಂದೆಯ ಮಾತು ಕೇಳಿ, ಆಳುಕಾಳುಗಳನ್ನು ಚೆನ್ನಾಗಿ ನೋಡಿಕೊಳ್ಳಿ, ಪ್ರಾಣಿಗಳನ್ನು ಕೊಲ್ಲಬೇಡಿ, ಬ್ರಾಹ್ಮಣರಿಗೂ ಶ್ರಮಣರಿಗೂ ದಾನ ಕೊಡಿ, ಬೇರೆಯವರ ಮತವನ್ನು ಹೀಗಳೆಯಬೇಡಿ: ಅಲ್ಲಿ ಹೆಚ್ಚಾಗಿ ಸಿಗುವುದು ಇಂಥ ಮಾತುಗಳೇ.

ಹಾಗಾದರೆ ಅವನು ಬೌದ್ಧನಾಗಿದ್ದ, ಸಂಘಕ್ಕೆ ಬೆಂಬಲ ಕೊಟ್ಟ ಎಂದು ಹೇಳುವುದು ಯಾವ ಆಧಾರದ ಮೇಲೆ? ಆಧಾರ ಇದೆ, ಆದರೆ ಅದು ಬೇರೆ ಕೆಲವು ಸಣ್ಣ ಶಾಸನಗಳಲ್ಲಿದೆ. ಅವುಗಳನ್ನು ಓದುವಾಗ ಇಲ್ಲಿ ಏನು ಬರೆದಿದೆ ಎಂದು ಕೇಳುವ ಮೊದಲು, ಇದು ಯಾರಿಗೆ ಬರೆದದ್ದು ಎಂದು ಕೇಳಬೇಕು. ಜನರಿಗೆ ಮಾತಾಡುವಾಗ ಅಶೋಕ ಒಂದು ಥರ, ಅಧಿಕಾರಿಗಳಿಗೆ ಇನ್ನೊಂದು ಥರ, ಭಿಕ್ಷುಗಳಿಗೆ ಮತ್ತೊಂದು ಥರ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ರಹ್ಮಗಿರಿ ಇರುವುದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಪಕ್ಕದಲ್ಲೇ ಸಿದ್ದಾಪುರ, ಅಲ್ಲಿಂದ ಸ್ವಲ್ಪ ದೂರದಲ್ಲಿ ಜಟಿಂಗ ರಾಮೇಶ್ವರ ಬೆಟ್ಟ. ಈ ಮೂರು ಕಡೆಯೂ ಒಂದೇ ಶಾಸನದ ಪ್ರತಿಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವುಗಳನ್ನು ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬ್ರಹ್ಮಗಿರಿಯ ಶಾಸನದ ಮೊದಲ ಸಾಲೇ ವಿಶೇಷವಾಗಿದೆ. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನ ಮೇರೆಗೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಅವರಿಗೆ ಹೀಗೆ ಹೇಳಬೇಕು ಎಂದು ಅದು ಶುರುವಾಗುತ್ತದೆ. ರಾಜನ ಆಜ್ಞೆ ಬರುವುದು ಅದರ ನಂತರ.

ಗಮನಿಸಿದಿರಾ? ಈ ಸಾಲು ರಾಜನದ್ದಲ್ಲ, ಕಚೇರಿಯದ್ದು. ರಾಜನ ಆಜ್ಞೆ ಪಾಟಲಿಪುತ್ರದ ಕಡೆಯಿಂದ ದಕ್ಷಿಣದ ಪ್ರಾಂತ್ಯದ ಕೇಂದ್ರವಾದ ಸುವರ್ಣಗಿರಿಗೆ ಬಂದಿದೆ. ಅಲ್ಲಿ ಆರ್ಯಪುತ್ರ, ಅಂದರೆ ರಾಜಮನೆತನದವನೊಬ್ಬ, ಆಡಳಿತ ನೋಡುತ್ತಿದ್ದ. ಅವನ ಕಚೇರಿ ಆಜ್ಞೆಯ ಮೇಲೆ ತನ್ನದೊಂದು ಒಕ್ಕಣೆ ಸೇರಿಸಿ, ಇಸಿಲ ಎಂಬ ಊರಿನ ಹಿರಿಯ ಅಧಿಕಾರಿಗಳಿಗೆ ಕಳಿಸಿದೆ. ಇಸಿಲ ಎಂದರೆ ಬ್ರಹ್ಮಗಿರಿಯ ಆಸುಪಾಸಿನ ಜಾಗವೇ. ಇಲ್ಲಿ ಕೆತ್ತಿದವರು ರಾಜನ ಮಾತನ್ನಷ್ಟೇ ಬಿಡಿಸಿಕೊಳ್ಳದೆ, ಒಕ್ಕಣೆಯ ಸಮೇತ ಇಡೀ ಪತ್ರವನ್ನೇ ಕಲ್ಲಿಗಿಳಿಸಿದರು. ಇದೇ ಆಜ್ಞೆಯ ಉತ್ತರ ಭಾರತದ ಪ್ರತಿಗಳಾದ ರೂಪನಾಥ, ಸಹಸ್ರಾಮ್‌ಗಳಲ್ಲಿ ಈ ಸಾಲು ಇಲ್ಲ. ಹೀಗೆ ಉಳಿದುಕೊಂಡ ಒಂದು ಸಾಲಿನಿಂದ ಮೌರ್ಯರ ಆಡಳಿತದ ಮೆಟ್ಟಿಲುಗಳು ನಮಗೆ ಕಾಣುತ್ತಿವೆ.

ಇನ್ನು ಆಜ್ಞೆಗೆ ಬರೋಣ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು ಎನ್ನುತ್ತಾನೆ ರಾಜ. ಆದರೆ ಒಂದು ವರ್ಷ ನಾನು ಹೆಚ್ಚು ಶ್ರಮಪಡಲಿಲ್ಲ. ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ತುಂಬ ಶ್ರಮಪಡುತ್ತಿದ್ದೇನೆ. ಉಪಾಸಕ ಎಂದರೆ ಮನೆಯಲ್ಲಿದ್ದುಕೊಂಡೇ ಬುದ್ಧನನ್ನು ನಂಬುವವನು, ಭಿಕ್ಷು ಅಲ್ಲ. ಇದು ಶ್ರೀಮಂತರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಎಂದು ಮುಂದೆ ಬರುತ್ತದೆ. ಈ ಕೆಲಸ ಕಡಿಮೆಯೆಂದರೂ ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬ ಭರವಸೆಯೂ ಇದೆ. ಕೊನೆಗೆ 256 ಎಂಬ ಅಂಕಿ. ಅದಕ್ಕೆ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥವನ್ನೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ರಾಜನ ಸ್ವಂತ ಕಥೆಯಲ್ಲಿ ಬೌದ್ಧ ಮಾತುಗಳಿವೆ, ಉಪಾಸಕ ಇದ್ದಾನೆ, ಸಂಘ ಇದೆ. ಆದರೆ ಜನರು ಏನು ಮಾಡಬೇಕು ಎಂಬ ಭಾಗಕ್ಕೆ ಬಂದ ಕೂಡಲೇ ಆ ಮಾತುಗಳು ನಿಂತುಹೋಗುತ್ತವೆ. ಬ್ರಹ್ಮಗಿರಿಯಲ್ಲೇ ಮುಂದುವರಿಯುವ ಎರಡನೇ ಆಜ್ಞೆ ನೋಡಿ. ತಾಯಿ ತಂದೆಯ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಇದು ಹಳೆಯ ಪದ್ಧತಿ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂದೂ ಸೇರಿಸಿದ್ದಾನೆ. ಹೊಸ ಮತಕ್ಕೆ ಬನ್ನಿ ಎಂದು ಕರೆಯುವವನು ಹಳೆಯ ಪದ್ಧತಿ ಎಂದು ಹೇಳುತ್ತಾನಾ? ರಾಜ ತನ್ನ ನಂಬಿಕೆಯನ್ನು ಮುಚ್ಚಿಟ್ಟಿಲ್ಲ. ಆದರೆ ಪ್ರಜೆಗಳಿಂದ ಕೇಳಿದ್ದು ನಡತೆಯನ್ನು, ನಂಬಿಕೆಯನ್ನಲ್ಲ.

ಕಡೆಯ ಸಾಲು ಕೆತ್ತಿದವನದ್ದು. ಚಪಡ ಎಂಬ ಲಿಪಿಕಾರ ಬರೆದ ಎಂದಿದೆ. ಇದರಲ್ಲಿ ಚಪಡನ ಹೆಸರು ಬ್ರಾಹ್ಮಿಯಲ್ಲಿದೆ, ಆದರೆ ಲಿಪಿಕಾರ ಎಂಬ ಮಾತು ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತು ಅದನ್ನು ಓದಬಲ್ಲವರು ಯಾರಿದ್ದರು? ಹಾಗಾಗಿ ಚಪಡ ಆ ಕಡೆಯಿಂದ ಬಂದವನೋ, ಅಲ್ಲಿ ಕೆಲಸ ಕಲಿತವನೋ ಇರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಸರ್ಕಾರಿ ನೌಕರರ ವರ್ಗಾವಣೆ ನಮ್ಮ ನಾಡಿನಲ್ಲಿ ಎಷ್ಟು ಹಳೆಯದು ಅಂತ ಇದರಿಂದ ತಿಳಿಯುತ್ತದೆ.

ಆಜ್ಞೆ ಮುಂದೆ ಜನರವರೆಗೆ ಹೋಗುತ್ತಿದ್ದ ದಾರಿಯನ್ನು ಆಂಧ್ರದ ಕರ್ನೂಲು ಜಿಲ್ಲೆಯ ಯೆರ್ರಗುಡಿಯ ಪ್ರತಿ ಹೇಳುತ್ತದೆ. ಮಹಾಮಾತ್ರರು ರಾಜುಕನೆಂಬ ಅಧಿಕಾರಿಗೆ ಹೇಳಬೇಕು. ಅವನು ಭೇರಿ ಬಾರಿಸಿ ಹಳ್ಳಿಯ ಜನರಿಗೆ ಸಾರಿಸಬೇಕು, ಅಂದರೆ ನಾವು ಹೇಳುವ ಡಂಗುರ. ಆನೆ ಮಾವುತರು, ಕರಣಿಕರು, ಶಿಷ್ಯರಿಗೆ ಪಾಠ ಹೇಳುವ ಬ್ರಾಹ್ಮಣರು ಕೂಡ ಇದನ್ನು ತಮ್ಮವರಿಗೆ ಕಲಿಸಬೇಕು. ಕಲ್ಲಿನ ಮೇಲಿನ ಅಕ್ಷರವನ್ನು ಪ್ರಜೆಗಳೆಲ್ಲ ಬಂದು ಓದಿಕೊಳ್ಳಲಿ ಎಂಬ ಲೆಕ್ಕ ಇರಲಿಲ್ಲ. ಈ ಕಡೆಯ ಜನರ ಆಡುಮಾತು ಪ್ರಾಕೃತವೂ ಅಲ್ಲ. ಓದಿ ಹೇಳುವವರ ಬಾಯಿಯಿಂದಲೇ ಅದು ಹರಡಬೇಕಿತ್ತು.

ಈಗ ಕೇಳುಗರನ್ನು ಬದಲಾಯಿಸಿ ನೋಡೋಣ. ರಾಜಸ್ಥಾನದ ಬೈರಾಟ್‌ನಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿತ್ತು, ಈಗ ಕೊಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿದೆ. ಅದು ನೇರವಾಗಿ ಸಂಘಕ್ಕೆ ಬರೆದ ಪತ್ರ. ಮಗಧದ ರಾಜ ಪ್ರಿಯದರ್ಶಿ, ಅಂದರೆ ಅಶೋಕ, ಸಂಘಕ್ಕೆ ವಂದಿಸಿ, ಕ್ಷೇಮ ವಿಚಾರಿಸುತ್ತಾನೆ. ಬುದ್ಧ, ಧಮ್ಮ, ಸಂಘ ಈ ಮೂರರಲ್ಲಿ ನನಗೆ ಎಷ್ಟು ಗೌರವ, ಎಷ್ಟು ನಂಬಿಕೆ ಎಂಬುದು ನಿಮಗೆ ಗೊತ್ತೇ ಇದೆ ಎನ್ನುತ್ತಾನೆ. ಭಗವಾನ್ ಬುದ್ಧ ಹೇಳಿದ್ದೆಲ್ಲ ಚೆನ್ನಾಗಿಯೇ ಹೇಳಿದ್ದು, ಆದರೂ ಈ ಕೆಲವನ್ನು ಭಿಕ್ಷುಗಳು, ಭಿಕ್ಷುಣಿಯರು, ಉಪಾಸಕರು, ಉಪಾಸಿಕೆಯರು ಮತ್ತೆ ಮತ್ತೆ ಕೇಳಬೇಕು ಎಂದು 7 ಪಾಠಗಳ ಹೆಸರು ಕೊಡುತ್ತಾನೆ. ಅದರಲ್ಲಿ ಒಂದು, ಸುಳ್ಳು ಹೇಳುವುದರ ಬಗ್ಗೆ ಬುದ್ಧ ರಾಹುಲನಿಗೆ ಹೇಳಿದ ಬುದ್ಧಿಮಾತು. ಈ ಧಾಟಿ ಯಾವ ಬಂಡೆಯಲ್ಲೂ ಸಾಮಾನ್ಯ ಜನರ ಮುಂದೆ ಬಂದಿಲ್ಲ. ಇಲ್ಲಿ ಮಾತಾಡುತ್ತಿರುವವನು ಬುದ್ಧನ ಮಾತುಗಳನ್ನು ಬಲ್ಲ ಒಬ್ಬ ಭಕ್ತ.

ಭಕ್ತ ಅಷ್ಟೇ ಅಲ್ಲ, ಯಜಮಾನನ ಗತ್ತೂ ಇತ್ತು. ಸಾರನಾಥ, ಸಾಂಚಿ, ಕೌಶಾಂಬಿಗಳ ಕಂಬದ ಶಾಸನಗಳಲ್ಲಿ ಅದು ಕಾಣುತ್ತದೆ. ಸಂಘವನ್ನು ಒಡೆಯುವ ಭಿಕ್ಷುವಿರಲಿ, ಭಿಕ್ಷುಣಿಯಿರಲಿ, ಬಿಳಿ ಬಟ್ಟೆ ಉಡಿಸಿ ಬೇರೆ ಕಡೆ ಇರಿಸಬೇಕು ಎಂಬುದು ಆಜ್ಞೆ. ಬಿಳಿ ಬಟ್ಟೆ ಗೃಹಸ್ಥರದ್ದು. ಅಂದರೆ ಕಾವಿ ಕಸಿದುಕೊಂಡು ಹೊರಗೆ ಹಾಕಿ ಎಂದರ್ಥ. ಸಾರನಾಥದಲ್ಲಿ ಕೆಲಸದ ವಿಧಾನವೂ ಇದೆ. ಆಜ್ಞೆಯ ಒಂದು ಪ್ರತಿ ಅಧಿಕಾರಿಗಳ ಹತ್ತಿರ ಇರಬೇಕು, ಇನ್ನೊಂದು ಉಪಾಸಕರ ಹತ್ತಿರ. ಪ್ರತಿ ಉಪೋಸಥದ ದಿನ, ಅಂದರೆ ಬೌದ್ಧರು ವ್ರತಕ್ಕೆ ಸೇರುವ ದಿನ, ಉಪಾಸಕರು ಬಂದು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು, ಮಹಾಮಾತ್ರನೂ ಬರಬೇಕು. ಸಂಘದ ಒಳಗಿನ ಶಿಸ್ತಿಗೆ ಸರ್ಕಾರಿ ಅಧಿಕಾರಿಯ ಕಾವಲು! ರಾಜಾಶ್ರಯ ಎಂದರೆ ಬರೀ ದಾನವಲ್ಲ, ಕೊಟ್ಟವನ ಕೈ ಒಳಗೂ ಬರುತ್ತದೆ. ಆದರೆ ಯಾವ ಸಿದ್ಧಾಂತ ಸರಿ, ಯಾವುದು ತಪ್ಪು ಎಂಬ ತೀರ್ಪನ್ನು ಅವನು ಕೊಡುವುದಿಲ್ಲ. ಸಂಘ ಒಡೆಯದೆ ಬಹುಕಾಲ ಇರಬೇಕು ಎಂಬುದಷ್ಟೇ ಅವನ ಕಾಳಜಿ.

ಹಾಗಾದರೆ ನಿಜವಾಗಿ ಎಷ್ಟು ಕೊಟ್ಟ? ಅವನು 84,000 ವಿಹಾರಗಳನ್ನು ಕಟ್ಟಿಸಿದ ಎಂದು ಶ್ರೀಲಂಕಾದ ಮಹಾವಂಸ ಹೇಳುತ್ತದೆ. ಅದು ಅಶೋಕನಿಗಿಂತ ಸುಮಾರು 700 ವರ್ಷ ಈಚಿನದು. ಶಾಸನಗಳ ಲೆಕ್ಕ ಬಹಳ ಚಿಕ್ಕದು, ಆದರೆ ಗಟ್ಟಿಯಾದದ್ದು. ನೇಪಾಳದ ನಿಗಾಲಿ ಸಾಗರದ ಕಂಬದ ಪ್ರಕಾರ, ಪಟ್ಟವಾಗಿ 14 ವರ್ಷವಾದಾಗ ಕೋನಾಗಮನ ಬುದ್ಧನ ಸ್ತೂಪವನ್ನು ಎರಡರಷ್ಟು ದೊಡ್ಡದು ಮಾಡಿಸಿದ. ಕೋನಾಗಮನ ಎಂದರೆ ಗೌತಮನಿಗಿಂತ ಹಿಂದೆ ಬಂದುಹೋದ ಬುದ್ಧರಲ್ಲಿ ಒಬ್ಬ ಎಂಬ ನಂಬಿಕೆ. ಅಂಥವನ ಸ್ತೂಪ ಆಗಲೇ ಇತ್ತು, ಅದನ್ನು ದೊಡ್ಡದು ಮಾಡಬೇಕಾಯಿತು ಎಂದರೆ ಆ ಪಂಥ ಅಶೋಕನಿಗೂ ಮುಂಚೆ ಅಲ್ಲಿ ಬೇರು ಬಿಟ್ಟಿತ್ತು ಎಂದಾಯಿತಲ್ಲ.

ಇನ್ನೊಂದು ಲುಂಬಿನಿಯ ಕಂಬ. ಪಟ್ಟವಾಗಿ 20 ವರ್ಷವಾದಾಗ ರಾಜ ತಾನೇ ಬಂದು ಪೂಜಿಸಿದ, ಏಕೆಂದರೆ ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲಿ. ಕಲ್ಲಿನ ಕಂಬ ನಿಲ್ಲಿಸಿದ. ಭಗವಂತ ಹುಟ್ಟಿದ ಊರು ಎಂದು ಲುಂಬಿನಿ ಗ್ರಾಮಕ್ಕೆ ಬಲಿ ಎಂಬ ತೆರಿಗೆಯನ್ನು ಮಾಫಿ ಮಾಡಿ, ಬೆಳೆಯ ಪಾಲನ್ನು ಎಂಟನೇ ಒಂದಕ್ಕೆ ಇಳಿಸಿದ. ಧರ್ಮಶಾಸ್ತ್ರಗಳು ಹೇಳುವ ರಾಜನ ಪಾಲು ಸಾಮಾನ್ಯವಾಗಿ ಆರನೇ ಒಂದು. ಆ ಲೆಕ್ಕ ಹಿಡಿದರೆ, 24 ಮೂಟೆ ಭತ್ತ ಬೆಳೆದ ರೈತ 4 ಮೂಟೆ ಕೊಡುವ ಜಾಗದಲ್ಲಿ 3 ಕೊಟ್ಟರೆ ಸಾಕು. ಈ ರಿಯಾಯಿತಿ ಸಿಕ್ಕಿದ್ದು ಯಾವುದೋ ವಿಹಾರಕ್ಕಲ್ಲ, ಊರಿಗೆ. ನಮ್ಮ ಕನ್ನಡ ಶಾಸನಗಳಲ್ಲಿ ದೇವಸ್ಥಾನಕ್ಕೋ ಮಠಕ್ಕೋ ಭೂಮಿ ಬಿಟ್ಟುಕೊಡುವ ದತ್ತಿಗಳನ್ನು ಬೇಕಾದಷ್ಟು ನೋಡುತ್ತೇವೆ. ಅಶೋಕನ ಯಾವ ಶಾಸನದಲ್ಲೂ ಬೌದ್ಧ ವಿಹಾರಕ್ಕೆ ಭೂಮಿ ಕೊಟ್ಟ ಮಾತಿಲ್ಲ. ಆ ರೂಢಿ ಆಮೇಲಿನದ್ದು.

ಮತ್ತೆ, ಅವನ ದಾನ ಬೌದ್ಧರಿಗೆ ಮಾತ್ರ ಮೀಸಲಾಗಿರಲಿಲ್ಲ. ಬಿಹಾರದ ಬರಾಬರ್ ಬೆಟ್ಟದಲ್ಲಿ ಗಟ್ಟಿ ಗ್ರಾನೈಟ್ ಕೊರೆದು, ಒಳಗೋಡೆಯನ್ನು ಕನ್ನಡಿಯಂತೆ ನಯ ಮಾಡಿದ ಗುಹೆಗಳಿವೆ. ಅವುಗಳಲ್ಲಿ ಎರಡನ್ನು ಪಟ್ಟವಾಗಿ 12 ವರ್ಷವಾದಾಗ ಆಜೀವಿಕರಿಗೆ ಕೊಟ್ಟಿದ್ದೇನೆ ಎಂದು ಅಲ್ಲಿನ ಶಾಸನಗಳೇ ಹೇಳುತ್ತವೆ. ಆಜೀವಿಕರು ಬೌದ್ಧರಿಗೆ ಪ್ರತಿಸ್ಪರ್ಧಿಗಳು, ಬೌದ್ಧ ಗ್ರಂಥಗಳು ಅವರನ್ನು ಬಹಳ ಕಟುವಾಗಿ ಟೀಕಿಸುತ್ತವೆ. ಅವರಿಗೇ ಈ ರಾಜ ಇಷ್ಟು ದುಬಾರಿ ಗುಹೆ ಕೊರೆಸಿಕೊಟ್ಟ. ಪಟ್ಟದ 27ನೇ ವರ್ಷದ ಏಳನೇ ಸ್ತಂಭಶಾಸನದಲ್ಲಿ ಧಮ್ಮ ಮಹಾಮಾತ್ರರೆಂಬ ಅಧಿಕಾರಿಗಳು ಸಂಘ, ಬ್ರಾಹ್ಮಣರು, ಆಜೀವಿಕರು, ನಿರ್ಗ್ರಂಥರು (ಅಂದರೆ ಜೈನರು) ಎಲ್ಲರ ಕೆಲಸವನ್ನೂ ನೋಡುತ್ತಾರೆ ಎಂದು ಬರುತ್ತದೆ. ರಾಜನ ಮನಸ್ಸು ಬುದ್ಧನ ಕಡೆ, ಸರ್ಕಾರದ ಹಣ ಮತ್ತು ಅಧಿಕಾರಿಗಳು ಎಲ್ಲರ ಕಡೆ. ಇವೆರಡನ್ನು ಬೆರೆಸಿಬಿಟ್ಟರೆ ಅಶೋಕ ಅರ್ಥವಾಗುವುದಿಲ್ಲ.

ಹರಡಿದ್ದು ಹೇಗೆ ಎಂಬ ಪ್ರಶ್ನೆಯಲ್ಲಿ ಎಡವುವುದು ಜಾಸ್ತಿ. ಭೂಪಟದಲ್ಲಿ ಶಾಸನಗಳು ಸಿಕ್ಕ ಜಾಗಗಳನ್ನು ಗುರುತಿಸಿ, ನೋಡಿ ಇಲ್ಲೆಲ್ಲ ಬೌದ್ಧ ಧರ್ಮ ಹರಡಿತ್ತು ಎಂದುಬಿಡುತ್ತಾರೆ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ, ಚಿತ್ರದುರ್ಗದ ಈ ಮೂರು, ಹೀಗೆ ಕಿರು ಶಾಸನಗಳು ನಮ್ಮಲ್ಲಿ ಒತ್ತೊತ್ತಾಗಿ ಸಿಕ್ಕಿವೆ. ಆದರೆ ಬಂಡೆಯ ಮೇಲಿನ ಆಜ್ಞೆ ಸರ್ಕಾರ ಅಲ್ಲಿಗೆ ತಲುಪಿತ್ತು ಎನ್ನುವುದಕ್ಕೆ ಸಾಕ್ಷಿ, ಭಿಕ್ಷು ತಲುಪಿದ್ದ ಎನ್ನುವುದಕ್ಕಲ್ಲ. ರಾಯಚೂರು ಸೀಮೆಯಲ್ಲಿ ಚಿನ್ನ ಇದೆ, ಹಟ್ಟಿ ಇವತ್ತಿಗೂ ಚಿನ್ನದ ಗಣಿ. 1915ರಲ್ಲಿ ಮಸ್ಕಿಯ ಶಾಸನ ಕಂಡುಹಿಡಿದ ಬೀಡನ್ ಕೂಡ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್. ಮೌರ್ಯರ ಅಧಿಕಾರಿಗಳು ಈ ಕಡೆ ಠಿಕಾಣಿ ಹೂಡಲು ಆ ಚಿನ್ನವೇ ಒಂದು ಕಾರಣ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಅಂದಹಾಗೆ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಶಾಸನವೊಂದರಲ್ಲಿ ಮೊದಲು ಸಿಕ್ಕಿದ್ದು ಈ ಮಸ್ಕಿಯಲ್ಲೇ.

ಹದಿಮೂರನೇ ಶಿಲಾಶಾಸನದಲ್ಲಿ ಅಶೋಕ ತನ್ನ ದೂತರು ಯವನ ಅಂದರೆ ಗ್ರೀಕ್ ರಾಜರವರೆಗೆ, ದಕ್ಷಿಣದಲ್ಲಿ ಚೋಳ, ಪಾಂಡ್ಯ, ತಾಮ್ರಪರ್ಣಿ ಅಂದರೆ ಶ್ರೀಲಂಕಾದವರೆಗೆ ಧಮ್ಮವನ್ನು ಒಯ್ದರು ಎನ್ನುತ್ತಾನೆ. ಆದರೆ ಅಲ್ಲೂ ಭಿಕ್ಷುಗಳ ಮಾತಿಲ್ಲ. ಹೋದವರು ರಾಜದೂತರು. ಭಿಕ್ಷುಗಳನ್ನು ದಿಕ್ಕು ದಿಕ್ಕಿಗೆ ಕಳಿಸಿದ ಕಥೆ, ಅಶೋಕನ ಮಗ ಮಹೀಂದ ಶ್ರೀಲಂಕಾಕ್ಕೆ ಹೋದ ಕಥೆ, ರಕ್ಖಿತ ವನವಾಸಿಗೆ ಅಂದರೆ ನಮ್ಮ ಬನವಾಸಿಗೆ ಬಂದ ಕಥೆ, ಇವೆಲ್ಲ ಸಿಗುವುದು ಶ್ರೀಲಂಕಾದ ಪಾಲಿ ಗ್ರಂಥಗಳಲ್ಲಿ. ಅಲ್ಲಿಯೂ ಅವರನ್ನು ಕಳಿಸಿದವನು ರಾಜನಲ್ಲ, ಸಂಘದ ಹಿರಿಯನಾದ ಮೊಗ್ಗಲಿಪುತ್ತ ತಿಸ್ಸ. ಇದನ್ನು ಸುಮ್ನೆ ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. 1851ರಲ್ಲಿ ಸಾಂಚಿಯ ಎರಡನೇ ಸ್ತೂಪವನ್ನು ಅಗೆದಾಗ ಭಿಕ್ಷುಗಳ ಅಸ್ಥಿ ಇಟ್ಟ ಕರಂಡಕಗಳು ಸಿಕ್ಕವು. ಅವುಗಳ ಮೇಲೆ ಮಜ್ಝಿಮ ಎಂಬ ಹೆಸರಿದೆ, ಇಡೀ ಹಿಮಾಲಯ ಸೀಮೆಯ ಆಚಾರ್ಯನಾದ ಕಾಸಪಗೋತ ಎಂಬ ಹೆಸರೂ ಇದೆ. ಹಿಮಾಲಯಕ್ಕೆ ಹೋದವರೆಂದು ಪಾಲಿ ಗ್ರಂಥಗಳು ಹೇಳುವುದೂ ಇದೇ ಹೆಸರುಗಳನ್ನು. ಎರಡು ದೂರದ ಮೂಲಗಳು ಹೀಗೆ ಕೂಡಿಬಂದಾಗ ನಂಬಿಕೆಗೆ ನೆಲೆ ಸಿಗುತ್ತದೆ. ಭಿಕ್ಷುಗಳು ಹೋಗಿದ್ದು ನಿಜ, ಹೋಗಿದ್ದು ಸಂಘದ ಕೆಲಸವಾಗಿ.

ರಾಜನ ಬಳಿಕದ ಕೆಲಸವನ್ನು ಮಾಡಿದವರು ಜನ. ಸಾಂಚಿಯ ಬೇಲಿ, ತೋರಣಗಳ ಮೇಲೆ ಸಣ್ಣ ಸಣ್ಣ ದಾನಶಾಸನಗಳು ನೂರಾರಿವೆ. ವ್ಯಾಪಾರಿಗಳು, ಭಿಕ್ಷುಣಿಯರು, ಮನೆವಾಳ್ತೆಯ ಹೆಂಗಸರು ಒಂದೊಂದು ಕಲ್ಲು ಕೊಟ್ಟಿದ್ದಾರೆ. ದಕ್ಷಿಣದ ತೋರಣದ ಕೆತ್ತನೆ ಮಾಡಿದ್ದು ವಿದಿಶೆಯ ದಂತದ ಕೆಲಸದವರು ಎಂದು ಅದರ ಮೇಲೇ ಇದೆ. ಅಷ್ಟೊತ್ತಿಗೆ ಮೌರ್ಯರು ಹೋಗಿಯಾಗಿತ್ತು.

ಕರ್ನಾಟಕದಲ್ಲಿ ಈ ಎರಡು ಹಂತಗಳನ್ನು ಒಂದೇ ಕಡೆ ನೋಡಬಹುದಾದ ಜಾಗ ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಸನ್ನತಿ. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಅದರಲ್ಲಿರುವುದು ಹನ್ನೆರಡನೇ ಮತ್ತು ಹದಿನಾಲ್ಕನೇ ಶಿಲಾಶಾಸನಗಳು, ಜೊತೆಗೆ ಕಳಿಂಗದಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಎರಡು ಪ್ರತ್ಯೇಕ ಆಜ್ಞೆಗಳು. ಒಂದು, ಎಲ್ಲ ಮತದವರೂ ಒಬ್ಬರ ಮಾತನ್ನು ಒಬ್ಬರು ಕೇಳಲಿ ಎನ್ನುತ್ತದೆ. ಇನ್ನೊಂದು, ಜನರೆಲ್ಲ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ ಎಂದು ಅಧಿಕಾರಿಗಳಿಗೆ ಹೇಳುತ್ತದೆ. ಬೌದ್ಧ ಎನ್ನುವಂಥ ಮಾತು ಇಲ್ಲೂ ಇಲ್ಲ.

ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೊಂದು ಸಿಕ್ಕಿತು. ಅದರ ಕೆತ್ತನೆಗಳು ಶಾತವಾಹನರ ಕಾಲದವು, ಅಂದರೆ ಅಶೋಕನಿಗಿಂತ ಎರಡು ಮೂರು ಶತಮಾನ ಈಚಿನವು. ಕಲ್ಲುಗಳ ಮೇಲೆ ಇಲ್ಲೂ ದಾನಿಗಳ ಹೆಸರುಗಳಿವೆ. ಒಂದು ಫಲಕದಲ್ಲಿ ರಾಜ ರಾಣಿಯರು ಪರಿವಾರದವರ ನಡುವೆ ನಿಂತಿದ್ದಾರೆ, ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ಬಂಡೆಗಳ ಮೇಲೆ ಎಲ್ಲ ಮತಗಳ ರಾಜನಾಗಿ ಮಾತಾಡಿದವನನ್ನು ಈ ಸ್ತೂಪ ಕಟ್ಟಿದವರು ತಮ್ಮ ರಾಜನನ್ನಾಗಿ ಮಾಡಿಕೊಂಡಿದ್ದರು. ನಾವು ಶಾಲೆಯಲ್ಲಿ ಓದುವ ಬೌದ್ಧ ಅಶೋಕ ಹೆಚ್ಚಾಗಿ ಇವರು ಮತ್ತು ಇವರಂಥವರು ಉಳಿಸಿಕೊಟ್ಟ ಅಶೋಕನೇ.